ಇಳಿದವರು, ಕಳುಹಿಸಲ್ಪಟ್ಟವರು, ಏರಿದವರು: ಅವತಾರ, ಪ್ರವಾದಿ, ಸಂತ ಎಂಬ ಪದಗಳ ಬೋಧನೆ

ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪಾಠ ಒಂದು ಕಡೆ ಬರುತ್ತದೆ, ಮತ ಪ್ರವರ್ತಕರ ಪಾಠ ಇನ್ನೊಂದು ಕಡೆ, ಭಕ್ತಿ ಪಂಥದ ಪಾಠ ಮತ್ತೊಂದು ಕಡೆ. ದಶಾವತಾರದ ಕಥೆಗಳನ್ನು ಮಕ್ಕಳು ಮನೆಯಲ್ಲೇ ಕೇಳಿಕೊಂಡು ಬಂದಿರುತ್ತಾರೆ. ಆದರೆ ಅವತಾರ, ಪ್ರವಾದಿ, ಸಂತ ಎಂಬ ಮೂರು ಪದಗಳನ್ನು ಒಂದೇ ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆಯುವ ಅವಧಿ ಎಲ್ಲೂ ಇಲ್ಲ. ಅದರ ಪರಿಣಾಮ ಬೋಧನಾಭ್ಯಾಸದ ಅವಲೋಕನದಲ್ಲಿ ಪ್ರತಿವರ್ಷ ಕಾಣುತ್ತದೆ. ಪ್ರಶಿಕ್ಷಣಾರ್ಥಿಗಳು ಈ ಮೂರನ್ನೂ 'ಮಹಾಪುರುಷರು' ಎಂಬ ಒಂದೇ ಚೀಲಕ್ಕೆ ಹಾಕಿ, 'ಎಲ್ಲರೂ ಲೋಕಕಲ್ಯಾಣಕ್ಕಾಗಿ ಬಂದವರು' ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಮಾತು ಸೌಮ್ಯವಾಗಿದೆ, ಯಾರಿಗೂ ನೋವಾಗುವುದಿಲ್ಲ. ಆದರೆ ಮಗು ಮನೆಗೆ ಹೋಗಿ 'ಮುಹಮ್ಮದರು ಇಸ್ಲಾಮಿನ ಅವತಾರ' ಎಂದರೆ ಆ ವಾಕ್ಯ ಒಬ್ಬ ಮುಸಲ್ಮಾನನಿಗೂ ಒಬ್ಬ ವೈಷ್ಣವನಿಗೂ ಏಕಕಾಲಕ್ಕೆ ತಪ್ಪು.

ಬಾಗಲಕೋಟೆಯ ಸುತ್ತ ಅಭ್ಯಾಸ ಪಾಠ ಮಾಡುವ ನಮ್ಮ ಪ್ರಶಿಕ್ಷಣಾರ್ಥಿಗಳಿಗಾಗಿ ನಾನು ಎರಡು ಅವಧಿಗಳ ಒಂದು ಪಾಠಯೋಜನೆ ಸಿದ್ಧಪಡಿಸಿ, ಒಂಬತ್ತನೆಯ ತರಗತಿಯಲ್ಲಿ ಮಾಡಿ ನೋಡಿದ್ದೇನೆ. ಅದರ ಸಾಮಗ್ರಿಯೆಲ್ಲ ಈ ಜಿಲ್ಲೆಯದೇ: ಬಾದಾಮಿಯ ಗುಹೆಗಳು, ಇಳಕಲ್ಲಿನ ದರ್ಗಾ ಮತ್ತು ಮಠ, ಹುನಗುಂದ ಸೀಮೆಯ ಕೂಡಲಸಂಗಮ. ಚಾರ್ಟು, ಪ್ರೊಜೆಕ್ಟರು ಬೇಕಿಲ್ಲ. ಒಂದು ಬಾಣದ ಗುರುತು ಸಾಕು.

ಬಾಣದ ಗುರುತು ಏಕೆಂದರೆ, ವ್ಯಾಖ್ಯೆಯಿಂದ ಪ್ರಾರಂಭಿಸಿದರೆ ಈ ಪಾಠ ಮೊದಲ ಹತ್ತು ನಿಮಿಷದಲ್ಲೇ ಕೆಡುತ್ತದೆ. ವ್ಯಾಖ್ಯೆಗೆ ಬದಲು ನಾನು ಒಂದು ಪ್ರಶ್ನೆ ಇಟ್ಟುಕೊಂಡೆ: ಇಲ್ಲಿ ಯಾರು ಯಾರ ಕಡೆಗೆ ಹೋಗುತ್ತಿದ್ದಾರೆ? ಹಲಗೆಯ ಮೇಲ್ಭಾಗದಲ್ಲಿ 'ದೇವರು' ಎಂದೂ ಕೆಳಭಾಗದಲ್ಲಿ 'ಮನುಷ್ಯರು' ಎಂದೂ ಬರೆದೆ. ದೇವರೇ ರೂಪ ತಾಳಿ ಕೆಳಗೆ ಬಂದರೆ ಒಂದು ಬಗೆಯ ಬಾಣ. ದೇವರು ಮೇಲೆಯೇ ಇದ್ದು, ಮಾತು ಮಾತ್ರ ಕೆಳಗಿನ ಒಬ್ಬ ಮನುಷ್ಯನಿಗೆ ಬಂದು, ಅವನ ಮೂಲಕ ಉಳಿದವರಿಗೆ ಹಂಚಿಕೆಯಾದರೆ ಇನ್ನೊಂದು ಬಗೆ. ಮನುಷ್ಯನೊಬ್ಬ ತನ್ನ ಬಾಳಿನಿಂದ ಮೇಲಕ್ಕೆ ಹೋದರೆ ಮೂರನೆಯ ಬಗೆ. ಪದಗಳನ್ನು ಆಮೇಲೆ ಕೊಟ್ಟರೂ ನಡೆಯುತ್ತದೆ. ಎಲ್ಲರನ್ನೂ ಈ ಬಾಣಗಳು ಹಿಡಿಯುವುದಿಲ್ಲ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿಯೇ ಪಾಠದ ಒಳ್ಳೆಯ ಭಾಗವಿದೆ.

ಮೊದಲು ಬಾದಾಮಿ. ಮೂರನೆಯ ಗುಹೆಯಲ್ಲಿರುವ ಶಾಸನ ಶಕ ವರ್ಷ 500, ಅಂದರೆ ಕ್ರಿ.ಶ. 578ರದು. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಂಗಳೇಶ ಈ ವಿಷ್ಣುಗೃಹವನ್ನು ಕೊರೆಯಿಸಿದ. ಬಾದಾಮಿಗೆ ಶೈಕ್ಷಣಿಕ ಪ್ರವಾಸ ಹೋಗದ ಮಕ್ಕಳು ನಮ್ಮಲ್ಲಿ ಕಡಿಮೆ. ಹೋಗಿ ಬಂದವರಿಗೆ ಕೇಳಿದರೆ 'ಅಲ್ಲಿ ಮಂಗ್ಯಾ ಭಾಳ ಅದಾವ್ರಿ' ಎನ್ನುವುದು ಮೊದಲ ಉತ್ತರ. ಅದಾದ ಮೇಲೆ ಹಂದಿಮುಖದ ದೇವರು ನೆನಪಾಗುತ್ತಾನೆ. ಆ ವರಾಹನ ದೇಹ ಮನುಷ್ಯನದು, ಮುಖ ಹಂದಿಯದು, ಎಡಗೈಯ ಮೇಲೆ ಭೂದೇವಿ ನಿಂತಿದ್ದಾಳೆ. ನೀರಿನಲ್ಲಿ ಮುಳುಗಿದ ಭೂಮಿಯನ್ನು ಎತ್ತಲು ದೇವರೇ ಕೆಳಗಿಳಿದ ಕಥೆ ಅದು. ಚಾಲುಕ್ಯರ ಲಾಂಛನವೂ ವರಾಹನೇ. ರಾಜನಾದವನಿಗೆ ಭೂಮಿಯನ್ನು ಎತ್ತಿ ಹಿಡಿದ ದೇವರು ಏಕೆ ಇಷ್ಟವಾದ ಎಂಬುದನ್ನು ಮಕ್ಕಳು ತಾವೇ ಊಹಿಸುತ್ತಾರೆ.

ಇಲ್ಲಿ ನಾನು ಒಂದು ಚಿಕ್ಕ ಕೆಲಸ ಕೊಡುತ್ತೇನೆ. ಆ ಗುಹೆಯ ದೊಡ್ಡ ಶಿಲ್ಪಗಳ ಹೆಸರನ್ನು ಹಲಗೆಯ ಮೇಲೆ ಬರೆಯುವುದು: ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ, ಹರಿಹರ. 'ಇವುಗಳಲ್ಲಿ ಅವತಾರ ಯಾವುವು?' ಎಂಬುದು ಪ್ರಶ್ನೆ. ತರಗತಿಯ ಬಹುಪಾಲು 'ಎಲ್ಲಾವೂ' ಎನ್ನುತ್ತದೆ. ಆಗ ಬಾಣವನ್ನು ತೋರಿಸಬೇಕು. ಅನಂತನ ಮೇಲೆ ಕುಳಿತವನು ಇನ್ನೂ ಇಳಿದಿಲ್ಲ, ತನ್ನ ಸ್ಥಾನದಲ್ಲೇ ಇದ್ದಾನೆ. ಹರಿಹರ ಇಬ್ಬರು ದೇವರು ಒಂದೇ ಮೈಯಲ್ಲಿ ಸೇರಿದ ರೂಪ. ಒಂದು ಕೆಲಸಕ್ಕಾಗಿ ಲೋಕಕ್ಕೆ ಬಂದ ರೂಪಗಳು ಉಳಿದ ಮೂರು. ಇದನ್ನು ವಿಂಗಡಿಸಿದ ಮೇಲೆ ಅವತಾರದ ಲಕ್ಷಣವನ್ನು ಮಕ್ಕಳೇ ಹೇಳುತ್ತಾರೆ. ಬಂದವನು ದೇವರೇ, ಬೇರೆ ಯಾರೋ ಅಲ್ಲ. ಬರಲು ಒಂದು ಕಾರಣವಿದೆ. ಕೆಲಸ ಮುಗಿದ ಮೇಲೆ ಮತ್ತೊಂದು ಕಾರಣ ಬಂದರೆ ಮತ್ತೆ ಬರುತ್ತಾನೆ. ಎರಡನೆಯ ಗುಹೆಯ ತ್ರಿವಿಕ್ರಮನ ಬಳಿ ಕೊಡೆ ಹಿಡಿದ ಕುಳ್ಳ ವಾಮನನೂ ಇದ್ದಾನೆ. ಇಳಿದು ಚಿಕ್ಕವನಾದವನು, ಆಕಾಶ ಅಳೆಯುವವನು ಇಬ್ಬರೂ ಒಬ್ಬನೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಬೋಧನೋಪಕರಣ ಯಾವ ಅಂಗಡಿಯಲ್ಲೂ ಸಿಗಲಾರದು.

ಪ್ರಶಿಕ್ಷಣಾರ್ಥಿಗಳು ಇಲ್ಲಿ ಹತ್ತು ಅವತಾರಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಲು ಹೋಗುತ್ತಾರೆ. ಅದರ ಅಗತ್ಯವಿಲ್ಲ. ಆ ಪಟ್ಟಿಯೂ ಎಲ್ಲೆಡೆ ಒಂದೇ ಅಲ್ಲ. ಕೆಲವು ಕಡೆ ಬುದ್ಧನಿದ್ದಾನೆ, ಕೆಲವು ಕಡೆ ಆ ಜಾಗದಲ್ಲಿ ಬಲರಾಮ. ಭಾಗವತವಂತೂ ಹತ್ತಕ್ಕಿಂತ ಹೆಚ್ಚು ಹೆಸರು ಹೇಳಿ, ಅವತಾರಗಳಿಗೆ ಲೆಕ್ಕವಿಲ್ಲ ಎನ್ನುತ್ತದೆ. ಸಂಖ್ಯೆಗಿಂತ 'ಮತ್ತೆ ಬರಬಹುದು' ಎಂಬ ಅಂಶ ಮುಖ್ಯ. ಮುಂದೆ ಪ್ರವಾದಿಯ ವಿಷಯ ಬಂದಾಗ ಅದು ಬೇಕಾಗುತ್ತದೆ.

ಮೂರನೆಯ ಗುಹೆಯಿಂದ ಕೆಲವೇ ಹೆಜ್ಜೆ ಮುಂದೆ ನಾಲ್ಕನೆಯದು, ಜೈನ ಗುಹೆ. ಅಲ್ಲಿ ಬಾಹುಬಲಿ ನಿಂತಿದ್ದಾನೆ, ಕೈಕಾಲಿಗೆ ಬಳ್ಳಿ ಸುತ್ತಿದೆ. ಪಾರ್ಶ್ವನಾಥನಿದ್ದಾನೆ. ಇವರನ್ನು ಎಲ್ಲಿ ಬರೆಯುವುದು? ಮೇಲಿಂದ ಯಾರೂ ಇಳಿದಿಲ್ಲ, ಮೇಲಿಂದ ಮಾತೂ ಬಂದಿಲ್ಲ. ಮನುಷ್ಯನಾಗಿ ಹುಟ್ಟಿದ ಜೀವ ಕರ್ಮದ ಕಟ್ಟನ್ನು ಕಳಚಿಕೊಂಡು ಮೇಲೇರಿದ ಮಾದರಿ ಇದು. ಆ ಜೀವವನ್ನು ಬರಮಾಡಿಕೊಳ್ಳಲು ಮೇಲೆ ಸೃಷ್ಟಿಕರ್ತ ದೇವರೂ ಇಲ್ಲ. ಹಲಗೆಯ ಮೇಲೆ ಬರೆದ 'ದೇವರು' ಎಂಬ ಪದವನ್ನೇ ಈ ಗುಹೆಯ ಮಟ್ಟಿಗೆ ಅಳಿಸಬೇಕಾಗುತ್ತದೆ. ಭಾಷೆಯ ಶಿಕ್ಷಕರು ಇಲ್ಲಿ ಒಂದು ಮಾತು ಸೇರಿಸಬಹುದು. ಅವತಾರ, ತೀರ್ಥ ಎರಡೂ ಸಂಸ್ಕೃತದ 'ತೄ', ದಾಟು ಎಂಬ ಒಂದೇ ಧಾತುವಿನಿಂದ ಬಂದವು. ಅವತಾರ ಕೆಳಕ್ಕೆ ದಾಟಿ ಬರುವುದು. ತೀರ್ಥಂಕರ ಎಂದರೆ ಹೊಳೆ ದಾಟುವ ಜಾಗ ಮಾಡಿಕೊಟ್ಟವನು. ಒಂದೇ ಬೇರಿನ ಎರಡು ಪದಗಳು ಒಂದೇ ಗುಡ್ಡದ ಎರಡು ಗುಹೆಗಳಲ್ಲಿ ಎದುರುಬದುರು ದಿಕ್ಕಿಗೆ ಮುಖ ಮಾಡಿವೆ.

ಪ್ರವಾದಿಯ ಭಾಗಕ್ಕೆ ಬರುವಾಗ ಕಾಲರೇಖೆಯನ್ನು ಬಳಸುತ್ತೇನೆ. ಮುಹಮ್ಮದರು ಮಕ್ಕಾದಲ್ಲಿ ಹುಟ್ಟಿದ್ದು ಸುಮಾರು 570ರಲ್ಲಿ. ಬಾದಾಮಿಯಲ್ಲಿ ಮಂಗಳೇಶನ ಶಿಲ್ಪಿಗಳು ವರಾಹನನ್ನು ಕಡೆಯುತ್ತಿದ್ದಾಗ ಅವರಿನ್ನೂ ಏಳೆಂಟು ವರ್ಷದ ಬಾಲಕ. ಹಿರಾ ಗುಹೆಯಲ್ಲಿ ಅವರಿಗೆ ಮೊದಲ ದೈವವಾಣಿ ಬಂದದ್ದು 610ರ ಸುಮಾರಿಗೆ, ಅಂದರೆ ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದ ಹೊತ್ತಿಗೆ. ಅವರು ತೀರಿಕೊಂಡದ್ದು 632ರಲ್ಲಿ. ಐಹೊಳೆಯ ಮೇಗುತಿ ಶಾಸನ 634ರದು. ಎರಡು ದೂರದ ಲೋಕಗಳು ಒಂದೇ ರೇಖೆಯ ಮೇಲೆ ಬಂದಾಗ ಮಕ್ಕಳ ಕಣ್ಣು ಅಗಲವಾಗುತ್ತದೆ. ಎರಡೂ ಕಡೆ ಗುಹೆ ಇದೆ ಎಂದು ಒಬ್ಬ ಹುಡುಗಿ ಗುರುತಿಸಿದಳು. ಒಂದು ಗುಹೆಯಲ್ಲಿ ನೋಡಬೇಕಾದದ್ದಿದೆ, ಇನ್ನೊಂದರಲ್ಲಿ ಕೇಳಬೇಕಾದದ್ದಿತ್ತು ಎಂದು ನಾನು ಸೇರಿಸಿದೆ.

ಪೈಗಂಬರ ಎಂಬ ಪಾರಸಿ ಪದದ ಅರ್ಥ ಸಂದೇಶ ಹೊತ್ತವನು. ಅರಬ್ಬಿಯಲ್ಲಿ ರಸೂಲ್ ಎಂದರೆ ಕಳುಹಿಸಲ್ಪಟ್ಟವನು. ನಮ್ಮಲ್ಲಿ ಟಪಾಲು ತರುವವನನ್ನು ಗೌರವಿಸುತ್ತೇವೆ, ಆದರೆ ಪತ್ರ ಬರೆದವನು ಅವನೇ ಎಂದುಕೊಳ್ಳುವುದಿಲ್ಲ. ಈ ಹೋಲಿಕೆ ಒಂದು ಹಂತದವರೆಗೆ ಸಹಾಯಕ, ಅದರಾಚೆ ಸಾಲದು. ಏಕೆಂದರೆ ಪ್ರವಾದಿಯ ಬದುಕೇ ಅನುಯಾಯಿಗಳಿಗೆ ಮಾದರಿ. ಆದರೂ ಬರೆದವರು ಯಾರು, ತಂದವರು ಯಾರು ಎಂಬ ವಿಂಗಡಣೆಯನ್ನು ಇಸ್ಲಾಂ ಎಷ್ಟು ಬಿಗಿಯಾಗಿ ಕಾಯ್ದುಕೊಂಡಿದೆ ಎಂಬುದಕ್ಕೆ ಒಂದು ಗಟ್ಟಿ ಪುರಾವೆಯಿದೆ. ಕುರಾನು ಮುಹಮ್ಮದರ ಬಾಯಿಂದಲೇ ಜನಕ್ಕೆ ತಲುಪಿತು, ಆದರೆ ಅದು ಅವರ ಮಾತಲ್ಲ, ದೇವರ ಮಾತು ಎಂಬುದು ನಂಬಿಕೆ. ಅವರ ಸ್ವಂತ ಮಾತು, ನಡೆ ಹದೀಸು ಎಂದು ಪ್ರತ್ಯೇಕ ಗ್ರಂಥಗಳಲ್ಲಿ ಸಂಗ್ರಹವಾಗಿವೆ. ಒಬ್ಬನೇ ಮನುಷ್ಯನ ಬಾಯಿಂದ ಬಂದದ್ದನ್ನು ಎರಡು ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದ್ದಾರೆ. ಅವತಾರದ ಕಥೆಯಲ್ಲಿ ಈ ಎರಡು ಪೆಟ್ಟಿಗೆ ಬೇಕಾಗುವುದಿಲ್ಲ. ಗೀತೆಯಲ್ಲಿ ಕೃಷ್ಣ 'ನಾನು' ಎಂದರೆ ಮಾತಾಡುವವನೇ ದೇವರು.

ಇಸ್ಲಾಂ ಮುಹಮ್ಮದರನ್ನು ಕೊನೆಯ ಪ್ರವಾದಿ ಎನ್ನುತ್ತದೆ. ಅವತಾರದಂತೆ ಮತ್ತೆ ಬರುವ ಪ್ರಶ್ನೆಯಿಲ್ಲ. ಮೊದಲನೆಯವರು ಕೂಡ ಅವರಲ್ಲ. ಆದಮ, ಇಬ್ರಾಹೀಮ, ಮೂಸಾ, ಈಸಾ ಮುಂತಾಗಿ ಸಾಲು ಹಿಂದಕ್ಕೆ ಹೋಗುತ್ತದೆ. ಆದ್ದರಿಂದ 'ಇಸ್ಲಾಂ ಸ್ಥಾಪಕ' ಎಂದು ಹಲಗೆಯ ಮೇಲೆ ಬರೆಯುವಾಗ ಅದು ಇತಿಹಾಸಕಾರರ ಮಾತು, ನಂಬುವವರ ಮಾತಲ್ಲ ಎಂದು ಸ್ಪಷ್ಟಪಡಿಸುವುದು ಒಳ್ಳೆಯದು. ಈಸಾ ಎಂದರೆ ಯೇಸು. ಇಸ್ಲಾಮಿನಲ್ಲಿ ಅವರು ಪ್ರವಾದಿ. ಕ್ರೈಸ್ತರಿಗೆ ಅವರು ದೇವಪುತ್ರ, ಮನುಷ್ಯನಾಗಿ ಬಂದ ದೇವರು. ಕನ್ನಡ ಕ್ರೈಸ್ತರು 'ಮನುಷ್ಯಾವತಾರ' ಎಂಬ ಪದವನ್ನೂ ಬಳಸುತ್ತಾರೆ. ಪದ ನಮ್ಮದೇ ಆದರೂ ಅರ್ಥದಲ್ಲಿ ವ್ಯತ್ಯಾಸವಿದೆ. ಆ ಅವತರಣ ಒಂದೇ ಸಲದ್ದು, ಹಂದಿ ಸಿಂಹಗಳ ಸಾಲಿಗೆ ಸೇರುವಂಥದಲ್ಲ. ಒಬ್ಬನೇ ವ್ಯಕ್ತಿ ಎರಡು ಧರ್ಮಗಳಲ್ಲಿ ಎರಡು ಬಾಣ ಪಡೆಯುತ್ತಾನೆ ಎಂಬುದು ಇಲ್ಲಿ ಮಕ್ಕಳಿಗೆ ಹೊಳೆದರೆ ಸಾಕು, ಕ್ರೈಸ್ತ ಸಿದ್ಧಾಂತದ ಆಳಕ್ಕೆ ಈ ತರಗತಿಯಲ್ಲಿ ಹೋಗಬೇಕಿಲ್ಲ.

ಒಂದು ಎಚ್ಚರಿಕೆಯ ಮಾತು. ಬೋಧನೋಪಕರಣ ಮಾಡುವ ಉತ್ಸಾಹದಲ್ಲಿ ಪ್ರಶಿಕ್ಷಣಾರ್ಥಿಯೊಬ್ಬರು ಎಲ್ಲ ಧರ್ಮಗಳ 'ಮಹಾಪುರುಷರ' ಭಾವಚಿತ್ರಗಳ ಚಾರ್ಟು ತಂದು, ಮುಹಮ್ಮದರ ಹೆಸರಿನಡಿ ಎಲ್ಲಿಂದಲೋ ಸಿಕ್ಕ ಚಿತ್ರ ಅಂಟಿಸಿದ್ದರು. ಪಾಠಕ್ಕೆ ಮೊದಲೇ ಕಂಡದ್ದರಿಂದ ತೆಗೆಸಿದೆ. ಚಿತ್ರ ಹಾಕಬಾರದು ಎಂಬುದನ್ನು ಬರೀ ನಿಷೇಧದ ಪಟ್ಟಿಯಾಗಿ ಹೇಳದೆ, ಪಾಠದ ಭಾಗವಾಗಿಯೇ ಹೇಳಬಹುದು. ಚಿತ್ರ ಇಟ್ಟರೆ ಸಂದೇಶ ತಂದವನಿಗೆ ಪೂಜೆ ನಡೆದೀತು ಎಂಬ ಆತಂಕ ಆ ನಿಯಮದ ಹಿಂದಿದೆ. ಬಾದಾಮಿಯಲ್ಲಿ ರೂಪವೇ ಪಾಠ, ಏಕೆಂದರೆ ಅಲ್ಲಿ ರೂಪ ತಾಳಿದವನು ದೇವರು. ಚಿತ್ರದ ಜಾಗದಲ್ಲಿ ಮಕ್ಕಾ, ಮದೀನಾ ಗುರುತಿಸಿದ ನಕ್ಷೆ ಇಟ್ಟರೆ ಪಾಠಕ್ಕೂ ಲಾಭ.

ಎರಡನೆಯ ಅವಧಿ ಇಳಕಲ್ಲಿನದು. ಊರಿನಲ್ಲಿ ಸೈಯದ್ ಮುರ್ತುಜಾ ಖಾದ್ರಿ ಅವರ ದರ್ಗಾ ಇದೆ, ವಿಜಯ ಮಹಾಂತೇಶ ಮಠವೂ ಇದೆ. ದರ್ಗಾಕ್ಕೆ ಹೋದವರು ಯಾರು ಎಂದರೆ ಎಲ್ಲ ಜಾತಿಯ ಮಕ್ಕಳ ಕೈಯೂ ಮೇಲೇಳುತ್ತದೆ. ಅಲ್ಲಿ ಮಲಗಿದವರು ಪ್ರವಾದಿಯೇ ಎಂದು ಕೇಳಿದರೆ ಒಂದು ಕ್ಷಣ ಮೌನ. ಮುಸ್ಲಿಂ ಮಕ್ಕಳು ಕೂಡಲೇ ಅಲ್ಲ ಎನ್ನುತ್ತಾರೆ, ಅವರು ವಲಿ. ವಲಿ ಎಂದರೆ ದೇವರಿಗೆ ಹತ್ತಿರದವರು, ದೇವರ ಗೆಳೆಯರು. ಹೊಸ ಸಂದೇಶ ತಂದವರಲ್ಲ, ಬಂದ ಸಂದೇಶವನ್ನು ಬಾಳಿ ತೋರಿಸಿದವರು. ಖಾದ್ರಿ ಎಂಬ ಹೆಸರು ಬಗ್ದಾದಿನ ಅಬ್ದುಲ್ ಖಾದಿರ್ ಜೀಲಾನಿಯವರ ಪರಂಪರೆಯನ್ನು ಸೂಚಿಸುತ್ತದೆ. ಜೀಲಾನಿಯವರು ತೀರಿಕೊಂಡದ್ದು 1166ರಲ್ಲಿ, ಬಸವಣ್ಣನವರ ಕಾಲ. ಪ್ರವಾದಿಗಳ ಸಾಲು ಮುಗಿದಿದ್ದರೂ ವಲಿಗಳ ಸಾಲು ಮುಗಿಯುವುದಿಲ್ಲ. ಸಮಾಧಿಯ ಬಳಿ ಬೇಡಿಕೊಳ್ಳುವುದನ್ನು ಒಪ್ಪದ ಮುಸಲ್ಮಾನರೂ ಇದ್ದಾರೆ. ಬೇಡಿಕೆ ವಲಿಗೆ ಸಲ್ಲುತ್ತದೆಯೋ ವಲಿಯ ಮೂಲಕ ದೇವರಿಗೆ ಸಲ್ಲುತ್ತದೆಯೋ ಎಂಬುದೇ ಅವರ ಚರ್ಚೆ. ಬಾಣದ ತುದಿ ಎಲ್ಲಿ ಮುಟ್ಟಬೇಕು ಎಂಬ ನಮ್ಮ ಪ್ರಶ್ನೆಯೂ ಅದೇ.

ಮಠದ ಕಡೆಯಿಂದ ನಾನು ಆರಿಸಿಕೊಂಡದ್ದು ಮಹಾಂತ ಜೋಳಿಗೆ. ಜೋಳಿಗೆ ಹಿಡಿದು ಬಂದ ಸ್ವಾಮಿಗಳಿಗೆ ಜನ ಜೋಳ, ಕಾಸು ಹಾಕುವುದು ವಾಡಿಕೆ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು ಊರೂರು ತಿರುಗಿ ಬೇಡಿದ್ದು ಕುಡಿತ, ಗುಟಕಾ, ಬೀಡಿ ಚಟಗಳನ್ನು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ, ಶಾಲೆಗಳಲ್ಲೂ ನಡೆಯುತ್ತದೆ. ಅವರು ದೇವರೆಂದು ಹೇಳಿಕೊಳ್ಳಲಿಲ್ಲ, ಹೊಸ ವಾಣಿ ಬಂತೆನ್ನಲೂ ಇಲ್ಲ. ಬದುಕಿನ ಬಲದಿಂದಲೇ ಜನ ಅವರ ಜೋಳಿಗೆಗೆ ಚಟ ಹಾಕಿದರು. ಸಂತನ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದು ಮಕ್ಕಳ ಕಣ್ಣಳತೆಯ ಉದಾಹರಣೆ.

ದರ್ಗಾದ ಉರುಸು ನಡೆಯುವುದು ವಲಿ ತೀರಿಕೊಂಡ ದಿನದ ನೆನಪಿಗೆ. ಆದರೂ ಉರುಸು ಎಂಬ ಪದದ ಅರ್ಥ ಮದುವೆ. ಸಾವು ದೇವರೊಡನೆ ಕೂಡಿಕೆ ಎಂಬ ಭಾವ ಅದು. ನಮ್ಮಲ್ಲಿ ಶರಣರು ತೀರಿಕೊಂಡರು ಎನ್ನುವುದಿಲ್ಲ, ಲಿಂಗೈಕ್ಯರಾದರು ಎನ್ನುತ್ತೇವೆ. ಎರಡು ಭಾಷೆ, ಎರಡು ಧರ್ಮ, ಒಂದೇ ಮೇಲ್ಮುಖದ ಬಾಣ.

ಈ ಹಂತದಲ್ಲಿ ಹುನಗುಂದ ಕಡೆಯ ಹುಡುಗನೊಬ್ಬ ಎದ್ದು ನಿಂತ. 'ಸರ್, ನಮ್ಮೂರಾಗ ಮೊಹರಮ್‌ಗೆ ಅಲಾಯಿ ದೇವರು ಕೂಡ್ತಾವ್ರಿ. ಅವು ಇದರಾಗ ಎಲ್ಲಿ ಬರ್ತಾವ್ರಿ?' ಪಂಜಾ ನಿಲ್ಲಿಸಿ ಹಸೇನ ಹುಸೇನರೆಂದು ಕರೆಯುವುದು, ಹಿಂದೂಗಳೇ ಅದನ್ನು ಹೊರುವುದು ನಮ್ಮ ಭಾಗದಲ್ಲಿ ಹೊಸದಲ್ಲ. ಹುಸೇನರು ಪ್ರವಾದಿಯಲ್ಲ, ಪ್ರವಾದಿಯ ಮೊಮ್ಮಗ, 680ರಲ್ಲಿ ಕರ್ಬಲಾದಲ್ಲಿ ಹುತಾತ್ಮರಾದವರು. ಆದರೆ ಊರಿನವರು 'ದೇವರು' ಎನ್ನುತ್ತಾರೆ. ಇಲ್ಲಿ ಪ್ರಶಿಕ್ಷಣಾರ್ಥಿ 'ಅದು ತಪ್ಪು' ಎಂದು ತೀರ್ಪು ಕೊಡಬಾರದು. ಗ್ರಂಥದ ಪ್ರಕಾರ ಒಂದು ಉತ್ತರ, ಊರಿನ ಮಾತಿನ ಪ್ರಕಾರ ಇನ್ನೊಂದು ಎಂದು ಎರಡು ಅಂಕಣ ಮಾಡಿ ಬರೆಯಬೇಕು. ಕನ್ನಡದಲ್ಲಿ ದೇವರು ಎಂಬ ಪದ ಬಹಳ ಉದಾರವಾದದ್ದು, ಮನೆಗೆ ಬಂದ ಅಯ್ಯನವರಿಗೂ ಸಲ್ಲುತ್ತದೆ.

ಕೊನೆಯ ಗುಂಪು ಚಟುವಟಿಕೆ ಕೂಡಲಸಂಗಮದ್ದು. ಬಸವಣ್ಣನವರನ್ನು ಹಲಗೆಯ ಮೇಲೆ ಎಲ್ಲಿ ಬರೆಯುವುದು? ಮೂರು ಗುಂಪುಗಳಿಗೆ ಮೂರು ಚೀಟಿ ಕೊಡುತ್ತೇನೆ. ಮೊದಲ ಚೀಟಿಯಲ್ಲಿ ಪುರಾಣದ ವಿಷಯ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವ ಪುರಾಣದಲ್ಲಿ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ಬಸವ ಪುರಾಣದಲ್ಲಿ ಬಸವಣ್ಣ ನಂದಿಯೇ ಆಗಿ ಹುಟ್ಟಿ ಬಂದವನು. ಎರಡನೆಯ ಚೀಟಿಯಲ್ಲಿ ವಚನಗಳ ವಿಷಯ. ಅಲ್ಲಿ ಅವರು ಕೂಡಲಸಂಗಮದೇವನನ್ನು ಸಂಬೋಧಿಸಿ ಮಾತಾಡುತ್ತಾರೆ, ತಮ್ಮನ್ನು ಶಿವಭಕ್ತರೆಲ್ಲರಿಗಿಂತ ಕಿರಿಯನೆನ್ನುತ್ತಾರೆ. ಮೂರನೆಯ ಚೀಟಿಯಲ್ಲಿ, ಅವರನ್ನು ಲಿಂಗಾಯತ ಧರ್ಮದ ಸ್ಥಾಪಕ ಗುರುವೆಂದು, ವಚನವನ್ನು ಧರ್ಮಗ್ರಂಥವೆಂದು ಇಂದು ಅನೇಕರು ಕಾಣುವ ಬಗೆ.

ಮೊದಲ ಗುಂಪು 'ಅವತಾರ' ಎಂದು ಬರೆದು ಕುಳಿತುಬಿಡುತ್ತದೆ. ಅವರಿಗೆ ಒಂದೇ ಮರುಪ್ರಶ್ನೆ: ಇಳಿದು ಬಂದದ್ದು ಶಿವನೋ, ನಂದಿಯೋ? ಬಂದವನು ದೇವರಲ್ಲ, ದೇವರು ಕಳುಹಿಸಿದ ಗಣ. ಹರಿಹರನ ರಗಳೆಯಲ್ಲಿ ಅವನು ವೃಷಭಮುಖನೆಂಬ ಗಣ, ಕೈಲಾಸದಲ್ಲಿ ಪ್ರಸಾದ ಹಂಚುವಾಗ ಆದ ಲೋಪದಿಂದ ಭೂಮಿಗೆ ಬರುತ್ತಾನೆ. ವರಾಹ ಯಾರ ಅಪ್ಪಣೆಯಿಂದಲೂ ಬಂದವನಲ್ಲ. ಆದ್ದರಿಂದ ಇದಕ್ಕೆ ಕಾರಣಿಕ ಜನ್ಮ ಎಂಬ ಕನ್ನಡದ ಮಾತೇ ಹೆಚ್ಚು ಹೊಂದುತ್ತದೆ. ಎರಡನೆಯ ಗುಂಪು ಸಂತನ ಬಾಣ ಎಳೆಯುತ್ತದೆ, ಮಾತು ಮನುಷ್ಯನಿಂದ ದೇವರ ಕಡೆಗೆ ಹೋಗುತ್ತಿದೆ ಎಂಬ ಕಾರಣ ಕೊಡುತ್ತದೆ. ಆ ಕಾರಣ ಬಂದರೆ ಪಾಠ ತಲುಪಿದೆ ಎಂದು ತಿಳಿಯಬಹುದು. ಮೂರನೆಯ ಗುಂಪಿನದೇ ಕಷ್ಟ. ಧರ್ಮ ಕೊಟ್ಟರು, ಗ್ರಂಥವಿದೆ, ಸಮುದಾಯವಿದೆ, ಹಾಗಾದರೆ ಪ್ರವಾದಿಯಲ್ಲವೇ? ಹೋಲಿಕೆ ಹತ್ತಿರದ್ದೇ. ಆದರೆ ವಚನ ಮೇಲಿಂದ ಇಳಿದ ವಾಣಿಯೆಂದು ಎರಡು ಪೆಟ್ಟಿಗೆ ಮಾಡಿ ಇಟ್ಟದ್ದಲ್ಲ. ಅದು ಶರಣರ ಅನುಭಾವದ ಮಾತು, ಬಸವಣ್ಣನವರೊಬ್ಬರದೂ ಅಲ್ಲ, ಅಕ್ಕ, ಅಲ್ಲಮ, ಚೌಡಯ್ಯ ಎಲ್ಲರದೂ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕನೆಂದು ಘೋಷಿಸಿತು. ಅದು ನಾಗರಿಕ ಬಿರುದು, ಯಾವ ಬಾಣವೂ ಬೇಡದ ನಾಲ್ಕನೆಯ ಜಾಗ. ತರಗತಿಯಲ್ಲಿ ಯಾವುದು ಸರಿ ಎಂದು ನಾನು ಗುರುತು ಹಾಕಲಿಲ್ಲ. ಲಿಂಗಾಯತ ಮಕ್ಕಳ ಮನೆಗಳಲ್ಲೇ ಈ ಮೂರೂ ಉತ್ತರಗಳಿವೆ. ಕಾರಣ ಕೊಡಲು ಬಂತೇ ಎಂಬುದಷ್ಟನ್ನೇ ನೋಡಿದೆ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಬೇಡಿ, ಅದನ್ನು ಮಾರ್ಗದರ್ಶಿ ಪುಸ್ತಕ ಹೇಳಿಕೊಡುತ್ತದೆ. ನಾನು ಕೇಳಿದ್ದು ಕ್ಯಾಲೆಂಡರಿನ ಪ್ರಶ್ನೆ: ಯಾರ ಯಾವ ದಿನವನ್ನು ಆಚರಿಸುತ್ತೇವೆ, ಏಕೆ? ರಾಮನವಮಿ, ಕೃಷ್ಣಾಷ್ಟಮಿ, ನರಸಿಂಹ ಜಯಂತಿ ಎಲ್ಲವೂ ಇಳಿದು ಬಂದ ದಿನಗಳು. ಉರುಸು, ಮಠಗಳ ಪುಣ್ಯಸ್ಮರಣೆ ಹೋದ ದಿನಗಳು. ಪ್ರವಾದಿಯ ಜನ್ಮದಿನವನ್ನು ಈದ್ ಮಿಲಾದ್ ಎಂದು ಆಚರಿಸುವವರಿದ್ದಾರೆ. ಆದರೆ ಹಿಜರಿ ಶಕ ಎಣಿಸುವುದು ಹುಟ್ಟಿನಿಂದಲೂ ಅಲ್ಲ, ಸಾವಿನಿಂದಲೂ ಅಲ್ಲ, 622ರಲ್ಲಿ ಅವರು ಮಕ್ಕಾದಿಂದ ಮದೀನಾಕ್ಕೆ ಹೋದ ವರ್ಷದಿಂದ. ಸಂದೇಶ ಒಂದು ಸಮುದಾಯವಾಗಿ ನೆಲೆ ಕಂಡುಕೊಂಡ ವರ್ಷ ಅದು.

ಒಂದು ಉತ್ತರ ಪತ್ರಿಕೆಯಲ್ಲಿ, 'ಹಂಗಾದ್ರ ಬಸವ ಜಯಂತಿ ಯಾಕ ಮಾಡ್ತೇವಿ, ಅವರು ಸಂತರು ಅಂದ್ರ ಐಕ್ಯದ ದಿನಾನ ಮಾಡಬೇಕಿತ್ತಲ್ಲ' ಎಂದು ಬರೆದಿತ್ತು. ಅದಕ್ಕೆ ಪೂರ್ಣ ಅಂಕ ಕೊಟ್ಟು, ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು 1913ರಲ್ಲಿ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು ಆರಂಭಿಸಿದರೆಂದು ಅಂಚಿನಲ್ಲಿ ಬರೆದೆ. ಏಕೆ ಆರಂಭಿಸಿದರು ಎಂಬುದನ್ನು ಮುಂದಿನ ಅವಧಿಗೆ ಓದಿಕೊಂಡು ಬರಲು ಆ ಹುಡುಗಿಗೇ ಒಪ್ಪಿಸಿದ್ದೇನೆ.